ಕೋಲದ ಫೋಟೋಗೆ ಯಾರನ್ನು ಕೇಳಬೇಕು?

ಕೇಳಿದವರು: ಪಿಎಚ್‌ಡಿಗಾಗಿ ಬಂಟ್ವಾಳ ಕಡೆಯ ಒಂದು ದೈವಸ್ಥಾನದಲ್ಲಿ ಕ್ಷೇತ್ರಕಾರ್ಯ ಮಾಡ್ತಾ ಇದ್ದೇನೆ. ಫೋಟೋ ತೆಗೆಯಬಹುದು ಅಂತ ದೈವಸ್ಥಾನ ನಡೆಸುವ ಗುತ್ತಿನ ಮನೆಯ ಯಜಮಾನರು ಬರೆದು ಕೊಟ್ಟಿದ್ದಾರೆ. ಅಷ್ಟು ಸಾಕಾ? ಆವೇಶ ಬಂದವರ ಫೋಟೋ ಪ್ರಬಂಧದಲ್ಲಿ ಹಾಕಬಹುದಾ?

ಪುತ್ತೂರಿನವ: ನಮ್ಮದು ದೈವ ಕಟ್ಟುವ ಮನೆ. ಯಜಮಾನರ ಪತ್ರ ಅಂಗಳದೊಳಗೆ ಬರುವುದಕ್ಕೆ. ಮುಖ ನನ್ನ ಅಪ್ಪನದು. ಹೀಗೇ ಪತ್ರ ಹಿಡಿದುಕೊಂಡು ಬಂದ ಸಂಶೋಧಕರೊಬ್ಬರು ಅಪ್ಪ ಬಣ್ಣ ಹಚ್ಚಿಕೊಳ್ಳುವಾಗ ಪಕ್ಕದಲ್ಲೇ ಕೂತರು. ಅರ್ಧ ಮುಖಕ್ಕೆ ಅರದಾಳದ ಹಳದಿ ಬಣ್ಣ, ಕೈಯಲ್ಲಿ ಬೀಡಿ. ಅದನ್ನೇ ಕ್ಲಿಕ್ಕಿಸಿದರು. ಆಮೇಲೆ ಆ ಫೋಟೋ ಒಂದು ವಿಚಾರ ಸಂಕಿರಣದ ಕರಪತ್ರದ ಮೇಲೆ ಬಂತು. ಅಲ್ಲಿಂದ ಊರಿನ ವಾಟ್ಸ್ಆ್ಯಪ್ ಗುಂಪಿಗೆ. ಬಣ್ಣದಲ್ಲಿದ್ದಾಗ ಬೀಡಿ ಸೇದಿದ ಅಂತ ಗಲಾಟೆ. ತಪ್ಪುಕಾಣಿಕೆ 2,000 ರೂಪಾಯಿ ಕಟ್ಟಿದೆವು. ಮುಂದಿನ ವರ್ಷ ಆ ಸ್ಥಾನದ ಕೋಲ ಬೇರೆಯವರ ಪಾಲಾಯಿತು. ಸಂಶೋಧಕರಿಗೆ ಪದವಿ ಬಂತು.

ಕೇಳುವುದಾದರೆ ಎಣ್ಣೆಬೂಳ್ಯಕ್ಕೆ, ಅಂದರೆ ಕೋಲಕ್ಕೆ ಮುಂಚೆ ದೈವ ಕಟ್ಟುವವರಿಗೆ ಎಣ್ಣೆ ವೀಳ್ಯ ಕೊಡುವುದಕ್ಕೆ, ಮೊದಲೇ ಕೇಳಿ, ಅದೂ ಮನೆಗೆ ಬಂದು. ಎಣ್ಣೆಬೂಳ್ಯ ತೆಗೆದುಕೊಂಡ ಮೇಲೆ ಅಪ್ಪನ ತಲೆಯಲ್ಲಿ ದೈವ ಬಿಟ್ಟರೆ ಬೇರೇನೂ ಇರುವುದಿಲ್ಲ. ಯಜಮಾನರ ಎದುರು ಕೇಳಬೇಡಿ. ಅವರು ನಿಂತಿದ್ದಾಗ ಅಪ್ಪ ಬೇಡ ಅಂತ ಹೇಳುವುದೇ ಇಲ್ಲ.

ಲಾಯರ್, ಮಂಗಳೂರು: ನೂರಾರು ಜನ ಸೇರುವ ಕಡೆ ಯಾರು ಬೇಕಾದರೂ ಫೋಟೋ ತೆಗೆಯಬಹುದು. ಯೂಟ್ಯೂಬ್‌ನಲ್ಲಿ ಎಷ್ಟು ಕೋಲ ಇಲ್ಲ? 2023ರಲ್ಲಿ ಮುಜರಾಯಿ ದೇವಸ್ಥಾನಗಳ ಒಳಗೆ ಮೊಬೈಲ್ ನಿಷೇಧಿಸಿದ್ದಾರೆ, ಅಲ್ಲಿ ಮಾತ್ರ ಜಾಗ್ರತೆ ಮಾಡಿ. ಉಳಿದ ಕಡೆ ಪತ್ರ ಇದ್ದರೆ ಸಾಕು.

ಪುತ್ತೂರಿನವ: ಕೇಸು ಬೀಳುತ್ತಾ ಅಂತ ಅವರು ಕೇಳಿಲ್ಲ ಸ್ವಾಮಿ. ಕುಟುಂಬದ ದೈವಸ್ಥಾನಕ್ಕೆ ಮುಜರಾಯಿ ಎಲ್ಲಿಂದ ಬಂತು?

ಕಲಬುರಗಿಯ ಅಧ್ಯಾಪಕಿ: ನನ್ನದು ದರ್ಗಾದ ಕೆಲಸ. ಗಾಳಿ ಸೋಕಿದ ಹೆಣ್ಣುಮಕ್ಕಳನ್ನು ಗುರುವಾರ ಕರೆದುಕೊಂಡು ಬರುತ್ತಾರೆ. ಒಬ್ಬಾಕೆ ಕೂದಲು ಬಿಚ್ಚಿ ಜಾಲರಿ ಹಿಡಿದು ತಲೆ ತಿರುಗಿಸುತ್ತಿದ್ದಳು. ಮುಜಾವರರು ಹೂಂ ಅಂದರು, ಗಂಡನೂ ಹೂಂ ಅಂದ. ತೆಗೆದೆ, ಆದರೆ ಬಳಸುವ ಮೊದಲು ಅವಳನ್ನೇ ಕೇಳಬೇಕು ಅಂತ ಮೊದಲೇ ನಿರ್ಧರಿಸಿದ್ದೆ. ಸಂಜೆ ಅವಳು ಸೆರಗು ಸರಿಮಾಡಿಕೊಂಡು ಚಹಾ ಕುಡೀತಾ ಕೂತಿದ್ದಾಗ ತೋರಿಸಿದೆ. "ಬ್ಯಾಡ್ರೀ, ತಂಗಿ ಲಗ್ನ ಅದ" ಅಂದಳು. ಅವಳ ಎದುರೇ ಅಳಿಸಿದೆ. ಫೋನಿನಲ್ಲಿ ಅಳಿಸಿದರೆ ಸಾಲದು. ಬ್ಯಾಕಪ್‌ನಲ್ಲೂ ಕಸದ ಬುಟ್ಟಿಯಲ್ಲೂ ಹುಡುಕಿ ತೆಗೆಯಬೇಕು.

ಆಮೇಲೆ ಮಾರ್ಗದರ್ಶಕರು ಪುರಾವೆ ಎಲ್ಲಿ ಅಂತ ಜಗಳಕ್ಕೆ ಬಂದರು. ಕಲಾವಿದರೊಬ್ಬರಿಂದ ಚಿತ್ರ ಬರೆಸಿದೆ. ಒಂದಕ್ಕೆ 400 ರೂಪಾಯಿ, ಒಂಬತ್ತು ಚಿತ್ರ, 3,600. ವಿಭಾಗ ಒಂದು ಪೈಸೆ ಕೊಡಲಿಲ್ಲ. ಸೀರೆಯ ಅಂಚು, ಬಳೆ, ಹಿಂದಿನ ಗೋಡೆ, ಎಲ್ಲ ಬದಲಾಯಿಸಿದೆ. ಇಲ್ಲದಿದ್ದರೆ ಚಿತ್ರದಲ್ಲೂ ಊರವರು ಗುರುತು ಹಿಡಿಯುತ್ತಾರೆ. ಆವೇಶದಲ್ಲಿ ಇದ್ದವರ ಪರವಾಗಿ ಬೇರೆಯವರು ಒಪ್ಪುವುದನ್ನು ನಾನು ಈಗಲೂ ಒಪ್ಪುವುದಿಲ್ಲ.

ಎಥಿಕ್ಸ್ ಸಮಿತಿಯಲ್ಲಿದ್ದವರು: ಅದಕ್ಕೇ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಓದು ಬಾರದವರಿಗೆ ಹೆಬ್ಬೆಟ್ಟು. ಸಾಕ್ಷಿ ಒಬ್ಬರು. ಇಲ್ಲದಿದ್ದರೆ ನಾನು ಕಡತಕ್ಕೆ ಸಹಿ ಹಾಕುತ್ತಿರಲಿಲ್ಲ.

ಪುತ್ತೂರಿನವ: ಹೆಬ್ಬೆಟ್ಟು ಒತ್ತಿ ಗದ್ದೆ ಕಳೆದುಕೊಂಡ ಅಜ್ಜನ ಮನೆ ನಮ್ಮದು. ಅಮ್ಮನ ಮುಂದೆ ಇಂಕ್ ಪ್ಯಾಡ್ ಇಟ್ಟು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಕಲಬುರಗಿಯ ಅಧ್ಯಾಪಕಿ: ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಂಡರೆ ಸಾಕು. ನಮ್ಮ ಸಮಿತಿ ಬೈದುಕೊಂಡೇ ಒಪ್ಪಿತು. ಯಾವ ಫೋಟೋ, ಎಲ್ಲಿ ಹಾಕ್ತೀವಿ ಅಂತ ಒಂದೊಂದನ್ನೂ ತೋರಿಸಿ ಹೇಳಬೇಕು. ಪ್ರಬಂಧಕ್ಕೆ ಹೂಂ ಅಂದವರು ಕರಪತ್ರಕ್ಕೂ ಹೂಂ ಅಂದ ಹಾಗಲ್ಲ.

ಎಥಿಕ್ಸ್ ಸಮಿತಿಯಲ್ಲಿದ್ದವರು: ನಾಳೆ ಅವರ ಮಗನೇ ಬಂದು ನಾವು ಹೇಳೇ ಇಲ್ಲ ಅಂದರೆ ನಿಮ್ಮ ಧ್ವನಿಮುದ್ರಣ ಯಾರು ಕೇಳುತ್ತಾರೆ?

ಕಲಬುರಗಿಯ ಅಧ್ಯಾಪಕಿ: ಬಂದರೆ ಪ್ರಬಂಧದಿಂದ ಫೋಟೋ ತೆಗೆದುಹಾಕಬೇಕು, ಅಷ್ಟೇ ಅಲ್ವಾ? ನಿಮ್ಮ ಕಾಗದ ಯೂನಿವರ್ಸಿಟಿಯನ್ನು ಕಾಯುತ್ತದೆ, ಆ ಹೆಂಗಸನ್ನಲ್ಲ. ಪುತ್ತೂರಿನ ತಮ್ಮ, ನೀವು ಅಪ್ಪನ ಮಾತು ಇಷ್ಟು ಹೇಳಿದಿರಿ. ತೆಂಬರೆ ವಾದ್ಯ ಹಿಡಿದು ದೈವದ ಕಥೆಯ ಹಾಡು, ಪಾಡ್ದನ, ಹೇಳುವವರು ನಿಮ್ಮ ಅಮ್ಮ ತಾನೇ? ಅವರನ್ನು ಯಾರಾದರೂ ಕೇಳಿದ್ದಾರಾ?

ಪುತ್ತೂರಿನವ: ಇಲ್ಲ ಅಕ್ಕ. ಅಪ್ಪನನ್ನು ಕೇಳಿದರೆ ಆಯಿತು ಅಂತ ನಾವೂ ಅಂದುಕೊಂಡಿದ್ದೆವು. ಅವಳ ಧ್ವನಿ ಎಷ್ಟು ಜನರ ಹತ್ತಿರ ಇದೆಯೋ ಗೊತ್ತಿಲ್ಲ. ಹಾಡು ಬರೆದುಕೊಂಡು ಹೋದವರಲ್ಲಿ ಒಬ್ಬರೂ ಅವಳ ಹೆಸರು ಹಾಕಿಲ್ಲ. ಹಾಕಬೇಕಿತ್ತಾ ಅಂತ ಕೇಳಿದರೆ, ಅದು ತನ್ನ ಹಾಡಲ್ಲ, ದೈವದ್ದು ಅನ್ನುತ್ತಾಳೆ.

ಲಾಯರ್, ಮಂಗಳೂರು: ಹಾಗಾದರೆ ಕಾಪಿರೈಟ್ ಯಾರದ್ದು?

ಪುತ್ತೂರಿನವ: ನಿಮಗೆ ಕಾಪಿರೈಟೇ ಕಾಣುವುದಾ?