ಚರಂಡಿ ಎಸ್ಟಿಮೇಟಿನ ಮಣ್ಣಿನ ಲೆಕ್ಕ: ಸೋಮವಾರ ಜೆಸಿಬಿ ಬರುವ ಮೊದಲು ನೋಡಬೇಕಾದದ್ದು

ಪ್ರಕಾಶ, ಗುರುವಾರ ರಾತ್ರಿ
ಎಲ್ಲರಿಗೂ ನಮಸ್ಕಾರ. ಗುಡ್ಡೆಯ ನೀರಿನ ಟ್ಯಾಂಕಿನಿಂದ ಕೆಳಗಿನ ಬೈಲಿನವರೆಗೆ ನಮ್ಮ ರಸ್ತೆಯ ಬದಿಯಲ್ಲಿ 200 ಮೀಟರ್ ಕಾಂಕ್ರೀಟ್ ಚರಂಡಿ ಮಂಜೂರಾಗಿದೆ. ಎಸ್ಟಿಮೇಟಿನ ಪ್ರತಿ ಇಂದು ವಾರ್ಡ್ ಮೆಂಬರರ ಮೂಲಕ ಸಿಕ್ಕಿತು. ಒಪ್ಪಂದದ ಪತ್ರ ಮಲಯಾಳದಲ್ಲಿದೆ, ಕಾಮಗಾರಿಗಳ ಪಟ್ಟಿ ಇಂಗ್ಲಿಷಿನಲ್ಲಿದೆ. ಮಣ್ಣಿಗೆ ಸಂಬಂಧಿಸಿದ ಸಾಲುಗಳನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತೇನೆ.

ಅಗೆತ: 200 × 1.5 × 1.2 = 360 ಘನ ಮೀಟರ್. ಇದರಲ್ಲಿ ಶೇಕಡಾ 60 ಮಣ್ಣು, ದರ 320 ರೂಪಾಯಿ. ಉಳಿದ ಶೇಕಡಾ 40 ಸಾಧಾರಣ ಕಲ್ಲು, ದರ 540 ರೂಪಾಯಿ. ಅಗೆದ ಮಣ್ಣಿನ ಸಾಗಾಟ: 360 ಘನ ಮೀಟರ್. ಹೊರಗಿನಿಂದ ಮಣ್ಣು ತಂದು ತುಂಬುವುದು: 150 ಘನ ಮೀಟರ್.

ಚರಂಡಿ ನಮಗೆ ಬೇಕೇ ಬೇಕು. ಎರಡು ಮಳೆಗಾಲ ಕೆಳಗಿನ ಮೂರು ಮನೆಗಳ ಅಂಗಳಕ್ಕೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆದರೆ ಗುಂಡಿಯಿಂದ ತೆಗೆದ ಮಣ್ಣನ್ನೆಲ್ಲ ಹೊರಗೆ ಸಾಗಿಸಿ, ಅದೇ ಗುಂಡಿಗೆ ಬೇರೆ ಕಡೆಯಿಂದ ಮಣ್ಣು ತರುವುದು ಏಕೆಂದು ನನಗೆ ಅರ್ಥವಾಗಲಿಲ್ಲ.

ವಿಜಯಲಕ್ಷ್ಮಿ
ಕಳೆದ ವಾರ ನೀವು ಮಣ್ಣಿನ ಕಡಿತದ ಬಿಲ್ಲು ಎಂದು ಹೇಳಿದಾಗ ನಾನು ತೆರಿಗೆ ಕಡಿತವೆಂದು ತಿಳಿದು ನಮ್ಮ ಮಗನನ್ನು ಕೇಳಿದೆ. ಗುತ್ತಿಗೆದಾರರ ಬಿಲ್ಲಿನಲ್ಲಿ ತೆರಿಗೆ ಹಿಡಿಯುತ್ತಾರೆ, ಅದು ಸರಿಯೇ ಎಂದು ಅವನು ಹೇಳಿದ. ಇಲ್ಲಿ ಹೇಳುತ್ತಿರುವುದು ನೆಲ ಕಡಿಯುವುದೆಂದು ಈಗ ತಿಳಿಯಿತು.

ವಿನೋದ್
ಟೆಂಡರು ಶೇಕಡಾ 12 ಕಡಿಮೆಗೆ ಹೋಗಿದೆಯಲ್ಲ, ಪ್ರಕಾಶಣ್ಣ? ಹಾಗಾದರೆ ಹೆಚ್ಚು ಬರೆದದ್ದು ಅಲ್ಲಿಗೆ ಸರಿಯಾಯಿತು. ಇನ್ನೊಂದು ವಿಷಯವಿದೆ. ಚರಂಡಿಯ ಹೊರ ಅಗಲ 90 ಸೆಂಟಿಮೀಟರ್ ಮಾತ್ರ. ಒಂದೂವರೆ ಮೀಟರ್ ಅಗೆಯುವ ಲೆಕ್ಕವೇ ತಪ್ಪು.

ಭಾಸ್ಕರಣ್ಣ (ನಿವೃತ್ತ ಓವರ್ಸಿಯರ್)
ವಿನೋದ್, ಶೇಕಡಾ 12 ಕಡಿಮೆಯಾದದ್ದು ದರ. ಪ್ರಮಾಣ ಅದರಿಂದ ಬದಲಾಗುವುದಿಲ್ಲ. 255 ಘನ ಮೀಟರ್ ಅಗೆದು 360 ಎಂದು ಬರೆದರೆ, ಕಡಿಮೆ ದರದಲ್ಲಿಯೂ ಅಗೆಯದ ಮಣ್ಣಿಗೆ ಹಣ ಹೋಗುತ್ತದೆ. 255 ಎಂಬುದು ಸದ್ಯಕ್ಕೆ ನನ್ನ ಕಣ್ಣಳತೆ, ಅಳೆದ ಮೇಲೆ ನೋಡೋಣ.

ಅಗಲದ ಮಾತಿನಲ್ಲಿ ನೀನು ಅರ್ಧ ಸರಿ. ಗೋಡೆಯ ಹೊರಬದಿಗೆ ಹಲಗೆ ಕಟ್ಟಬೇಕಾದರೆ ಎರಡೂ ಕಡೆ 30 ಸೆಂಟಿಮೀಟರ್ ಜಾಗ ಬೇಕು. ಹಾಗಾಗಿ 1.5 ಮೀಟರ್ ಎಂದು ಎಸ್ಟಿಮೇಟ್ ಮಾಡಿದ್ದು ಅನ್ಯಾಯವಲ್ಲ. ಆದರೆ ಮೇಲಿನ ಭಾಗದಲ್ಲಿ ಮುರಕಲ್ಲು ಗಟ್ಟಿಯಾಗಿ ನೆಟ್ಟಗೆ ನಿಂತರೆ ಹೊರ ಹಲಗೆ ಇಲ್ಲದೆ ಕಲ್ಲಿಗೇ ತಾಗಿಸಿ ಕಾಂಕ್ರೀಟ್ ಹಾಕುವುದುಂಟು. ಹಾಗೆ ಮಾಡಿದರೆ ಆ ಭಾಗದಲ್ಲಿ ಒಂದೂವರೆ ಮೀಟರ್ ಅಗೆತ ನಡೆಯುವುದೇ ಇಲ್ಲ. ಅಲ್ಲಿ ನಿಜವಾಗಿ ಅಗೆದ ಅಗಲವನ್ನೇ ಬರೆಯಬೇಕು.

ಎಲ್ಲರೂ ಒಂದು ವಿಷಯ ನೆನಪಿಡಿ. ಈ 360 ಇನ್ನೂ ಅಂದಾಜು. ಹಣ ಕೊಡುವುದು ಅಳತೆ ಪುಸ್ತಕದಲ್ಲಿ ಬರೆದ ಪ್ರಮಾಣಕ್ಕೆ. ಅಲ್ಲಿ ಅಂದಾಜನ್ನೇ ನಕಲು ಮಾಡಿದರೆ, ಕಾಂಕ್ರೀಟ್ ಬಿದ್ದು ಬದಿ ಮುಚ್ಚಿದ ಮೇಲೆ ಯಾರಿಂದಲೂ ಅಳೆಯಲಾಗುವುದಿಲ್ಲ. ಸೋಮವಾರ ಜೆಸಿಬಿ ಬರುತ್ತದೆ ಎಂದರೆ ಈಗಿನ ನೆಲದ ಮಟ್ಟ ಹಿಡಿಯಲು ನಮಗೆ ಶನಿವಾರ ಮತ್ತು ಭಾನುವಾರ ಮಾತ್ರ ಉಳಿದಿದೆ.

ಅಬ್ಬಾಸ್
ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದಲ್ಲವೇ?

ಭಾಸ್ಕರಣ್ಣ
ಹಾಕಿ ಅಬ್ಬಾಸ್, ಒಳ್ಳೆಯದೇ. 2005ರ ಕಾಯ್ದೆಯಲ್ಲಿ ಕಾಗದ ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ ಇದೆ. ಆದರೆ ಉತ್ತರಕ್ಕೆ 30 ದಿನಗಳ ಅವಕಾಶವಿದೆ. ಅಷ್ಟರಲ್ಲಿ ಗುಂಡಿ ಮುಚ್ಚಿರುತ್ತದೆ. ಅಳತೆ ಪುಸ್ತಕದ ಪ್ರತಿಗಾಗಿ ಅರ್ಜಿ ಹಾಕೋಣ, ಮಟ್ಟವನ್ನು ನಾವೇ ಹಿಡಿಯೋಣ.

ಪ್ರಕಾಶ, ಶನಿವಾರ ಸಂಜೆ
ಇಂದು ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬಿನಿಂದ ಮಟ್ಟ ನೋಡಿದೆವು. ನಕ್ಷೆಯ ಪ್ರಕಾರ ಚರಂಡಿಯ ಮೇಲ್ಮೈ ಉದ್ದಕ್ಕೂ ರಸ್ತೆಯ ಅಂಚಿನ ಮಟ್ಟದಲ್ಲಿರುತ್ತದೆ. ಅಲ್ಲಿಂದ ಕೆಳಗೆ 70 ಸೆಂಟಿಮೀಟರ್ ಆಳ, 15 ತಳ, 10 ಬೆಡ್ ಕಾಂಕ್ರೀಟ್, ಒಟ್ಟು 95. ನೆಲವು ರಸ್ತೆಯ ಅಂಚಿಗಿಂತ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದನ್ನು 50 ಮೀಟರಿಗೊಮ್ಮೆ ನೋಡಿ ಈ 95ಕ್ಕೆ ಕೂಡಿಸಿದೆವು ಅಥವಾ ಕಳೆದೆವು.

ಟ್ಯಾಂಕಿನ ಬಳಿ ನೆಲ 25 ಸೆಂಟಿಮೀಟರ್ ಮೇಲಿದೆ, ಹಾಗಾಗಿ ಅಗೆತ 1.2 ಮೀಟರ್. ನಂತರ ಕ್ರಮವಾಗಿ 1.1, 1.0, 0.8. ಬೈಲಿನ ತುದಿಯಲ್ಲಿ ನೆಲ 35 ಸೆಂಟಿಮೀಟರ್ ಕೆಳಗಿದೆ, ಅಗೆತ ಕೇವಲ 0.6. ಎಸ್ಟಿಮೇಟಿನ 1.2 ಮೀಟರ್ ಆಳ ಇರುವುದು ಟ್ಯಾಂಕಿನ ಬಳಿ ಮಾತ್ರ. ಅದನ್ನೇ 200 ಮೀಟರಿಗೂ ಎಳೆದಿದ್ದಾರೆ.

ವಿನೋದ್
ಐದು ಆಳಗಳ ಸರಾಸರಿ 0.94. ಅಗಲ ಮತ್ತು ಉದ್ದದಿಂದ ಗುಣಿಸಿದರೆ 282.

ಭಾಸ್ಕರಣ್ಣ
ಹತ್ತಿರ ಬಂದಿದ್ದೀಯ. ಆದರೆ ತುದಿಯ ಅಳತೆಗೆ ಒಂದೇ ಬದಿಯಲ್ಲಿ ಚರಂಡಿ ಇದೆ, ಮಧ್ಯದ ಅಳತೆಗೆ ಎರಡೂ ಬದಿಯಲ್ಲಿದೆ. ಎಲ್ಲಕ್ಕೂ ಸಮ ತೂಕ ಕೊಡಬಾರದು. ಪ್ರತಿ 50 ಮೀಟರಿನ ತುಂಡನ್ನು ಬೇರೆಯಾಗಿ ತೆಗೆದುಕೊಂಡು, ಅದರ ಎರಡು ತುದಿಗಳ ಅಡ್ಡ ವಿಸ್ತೀರ್ಣದ ಸರಾಸರಿಯನ್ನು 50ರಿಂದ ಗುಣಿಸಬೇಕು. ಆಳವನ್ನು 1.5 ಮೀಟರ್ ಅಗಲದಿಂದ ಗುಣಿಸಿದರೆ ವಿಸ್ತೀರ್ಣಗಳು 1.80, 1.65, 1.50, 1.20, 0.90. ತುಂಡುಗಳ ಸರಾಸರಿ 1.725, 1.575, 1.35, 1.05. ಕೂಡಿಸಿದರೆ 5.70, ಅದನ್ನು 50ರಿಂದ ಗುಣಿಸಿದರೆ 285 ಘನ ಮೀಟರ್. ಇಲ್ಲಿ ವ್ಯತ್ಯಾಸ ಮೂರೇ ಆಯಿತು. ನೆಲ ಏರಿಳಿತವಾಗಿದ್ದರೆ ನಿನ್ನ ದಾರಿಯಲ್ಲಿ ಲೆಕ್ಕ ದೂರ ಹೋಗುತ್ತದೆ.

ಇನ್ನೊಂದನ್ನು ನೀವು ಬಿಟ್ಟಿದ್ದೀರಿ. ಟ್ಯಾಂಕಿನಿಂದ ವಿಜಯಕ್ಕನ ಗೇಟಿನವರೆಗೆ ಹಳೆಯ ಮಣ್ಣಿನ ಕಣಿ ಇದೆಯಲ್ಲ? ಅದು ಈಗಾಗಲೇ ಖಾಲಿಯಿರುವ ಜಾಗ. ಖಾಲಿ ಜಾಗವನ್ನು ಅಗೆದೆವೆಂದು ಬರೆಯಲಾಗದು.

ಪ್ರಕಾಶ
ಮತ್ತೆ ಟೇಪ್ ಹಿಡಿದು ಹೋಗಿ ಬಂದೆ. ಕಣಿಯ ಉದ್ದ 120 ಮೀಟರ್. ಮೇಲಗಲ ಸುಮಾರು 70 ಸೆಂಟಿಮೀಟರ್, ತಳ 30, ಆಳ 50. ಅಡ್ಡ ವಿಸ್ತೀರ್ಣ 0.25, ಅಂದರೆ 30 ಘನ ಮೀಟರ್. 285ರಲ್ಲಿ ಕಳೆದರೆ 255 ಉಳಿಯಿತು. ಭಾಸ್ಕರಣ್ಣನ ಕಣ್ಣಳತೆ ನಿಜವಾಯಿತು.

ಅಬ್ಬಾಸ್
ನಾನು ಮನೆ ಕಟ್ಟುವಾಗ ತಗ್ಗಿಗೆ ನಲವತ್ತು ಟಿಪ್ಪರ್ ಮಣ್ಣು ಹಾಕಿಸಿದ್ದೆ. ಮೊದಲ ಮಳೆಗೇ ಅಂಗಳ ಕುಸಿದು ಮತ್ತೆ ಹತ್ತು ಲೋಡು ಬೇಕಾಯಿತು. ಇಲ್ಲಿಯೂ ಟಿಪ್ಪರ್ ಎಣಿಸಿದರೆ ಲೆಕ್ಕ ಸಿಗುವುದಿಲ್ಲವೇ?

ಭಾಸ್ಕರಣ್ಣ
ನಿಮ್ಮ ಅಂಗಳ ಕುಸಿದ ಕಾರಣವೇ ಇಲ್ಲಿಯೂ ಅಡ್ಡ ಬರುತ್ತದೆ. ನೆಲದಲ್ಲಿ ಬಿಗಿಯಾಗಿದ್ದ ಮಣ್ಣು ಅಗೆದ ಕೂಡಲೇ ಉಬ್ಬುತ್ತದೆ. ಟಿಪ್ಪರಿನಲ್ಲಿರುವುದು ಆ ಸಡಿಲ ಮಣ್ಣು. ಆದ್ದರಿಂದ ಅಗೆತದ ಪ್ರಮಾಣವನ್ನು ಗುಂಡಿಯಲ್ಲಿಯೇ ಅಳೆಯಬೇಕು, ಲೋಡುಗಳನ್ನು ಕೂಡಿಸಿ ಅಗೆತವೆಂದು ಬರೆಯಬಾರದು.

ಈಗ ಪ್ರಕಾಶ ಮೊದಲು ಕೇಳಿದ್ದಕ್ಕೆ ಬರೋಣ. ಗೋಡೆ ಎದ್ದ ಮೇಲೆ ಎರಡೂ ಬದಿಯಲ್ಲಿ ಉಳಿಯುವ ಸಂದು ಒಟ್ಟು 60 ಸೆಂಟಿಮೀಟರ್ ಅಗಲ. ಅದನ್ನು ರಸ್ತೆಯ ಅಂಚಿನವರೆಗೆ ತುಂಬಲು, ಕೆಳಗಿನ ತುದಿಯಲ್ಲಿ ನೆಲದಿಂದ ಮೇಲೆ ಕಾಣುವ ಗೋಡೆಯ ಬದಿಯೂ ಸೇರಿ, ಬೇಕಾಗುವುದು ಸುಮಾರು 115 ಘನ ಮೀಟರ್. ನಮಗೆ ಅಗೆದು ಸಿಗುವುದು 255. ತುಂಬಿ ಒತ್ತಿದ ಮೇಲೆಯೂ ಸುಮಾರು 140 ಉಳಿಯಬೇಕು. ಸಾಗಾಟಕ್ಕೆ ಬರುವುದು ಆ 140 ಮಾತ್ರ, 360 ಅಲ್ಲ. ಹೊರಗಿನ ಮಣ್ಣು 150 ಎಂಬುದಕ್ಕೆ ಮೇಲ್ನೋಟಕ್ಕೆ ಆಧಾರವಿಲ್ಲ.

ಸಾಗಾಟದ ಸಾಲಿನಲ್ಲಿ ದೂರ ಎಷ್ಟೆಂದು ನೋಡು, ಪ್ರಕಾಶ. ಇಲ್ಲಿ ಎಸ್ಟಿಮೇಟಿಗೆ ಬಳಸುವ ದೆಹಲಿ ದರಪಟ್ಟಿಯಲ್ಲಿ ಇಂತಹ ಅಗೆತದ ದರದೊಳಗೇ ಒಂದೂವರೆ ಮೀಟರ್ ಮೇಲೆತ್ತುವುದು ಮತ್ತು 50 ಮೀಟರ್ ದೂರಕ್ಕೆ ಹಾಕುವುದು ಸೇರಿದೆ. ಅಷ್ಟರೊಳಗೆ ಹಾಕಿದ ಮಣ್ಣಿಗೆ ಇನ್ನೊಮ್ಮೆ ಸಾಗಾಟ ಕೊಟ್ಟರೆ ಒಂದೇ ಕೆಲಸಕ್ಕೆ ಎರಡು ಬಾರಿ ಕೊಟ್ಟಂತೆ.

ವಿಜಯಲಕ್ಷ್ಮಿ
ಆದರೆ ಕೆಳಗೆ ಬೈಲಿನ ಬದಿಯಲ್ಲಿ ಅಗೆದರೆ ಬರುವುದು ಬರೀ ಕೆಸರು. ಅದನ್ನು ಗೋಡೆಯ ಬದಿಗೆ ತುಂಬಿದರೆ ನಿಲ್ಲುತ್ತದೆಯೇ? ನನ್ನ ಗೇಟು ಆ ಕಡೆಗೇ ವಾಲಿದೆ.

ಭಾಸ್ಕರಣ್ಣ
ಇದು ನ್ಯಾಯವಾದ ಮಾತು, ವಿಜಯಕ್ಕ. ಕೆಸರು ಮತ್ತು ಬೇರು ತುಂಬಿದ ಮಣ್ಣನ್ನು ಅಲ್ಲಿ ಹಾಕಬಾರದು. ಆದರೆ ಅಲ್ಲಿಗೆ ಮೇಲಿನ ಭಾಗದ ಮುರ ಮಣ್ಣನ್ನೇ ಇಳಿಸಬಹುದು. ಅದು ಹೊರಗಿನಿಂದ ಕೊಂಡ ಮಣ್ಣಲ್ಲ, ಇಲ್ಲಿಂದಲ್ಲಿಗೆ ಇಳಿಸಿದ್ದು ಮಾತ್ರ. ಕೆಲಸದ ಕ್ರಮದಲ್ಲಿ ತೊಡಕು ಬರಬಹುದು: ಕೆಳಗಿನಿಂದ ಕೆಲಸ ಆರಂಭಿಸಿದರೆ ಆಗ ಮೇಲಿನ ಮಣ್ಣು ಇರುವುದಿಲ್ಲ. ಹಾಗಾಗಿ ಹೊರಗಿನ ಮಣ್ಣು ಸ್ವಲ್ಪವೂ ಬೇಡವೆಂದು ನಾನು ಹಟ ಹಿಡಿಯಲಾರೆ. ಯಾವ ಮೀಟರಿನಿಂದ ಯಾವ ಮೀಟರಿಗೆ ಬೇಕೆಂದು ಬರೆದುಕೊಡಲಿ.

ವಿನೋದ್
ಕಲ್ಲಿನ ಶೇಕಡಾ 40? ಜೆಸಿಬಿ ಬಕೆಟ್ಟಿನಲ್ಲಿ ಸಲೀಸಾಗಿ ಬರುವುದನ್ನು ಕಲ್ಲು ಎನ್ನುವುದು ಹೇಗೆ?

ಭಾಸ್ಕರಣ್ಣ
ಅಗೆಯುವ ಯಂತ್ರವನ್ನು ನೋಡಿ ಮಣ್ಣಿನ ಜಾತಿ ನಿರ್ಣಯವಾಗುವುದಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮಗಳಲ್ಲಿ ಗಟ್ಟಿ ಮುರಕಲ್ಲು ಸಾಧಾರಣ ಕಲ್ಲಿನ ಸಾಲಿಗೇ ಸೇರುತ್ತದೆ. ಪಿಕ್ಕಾಸಿಗೆ ಬರುವ ಬಿಗಿ ಮುರ ಮಣ್ಣು ಮಾತ್ರ ಮಣ್ಣಿನ ಸಾಲಿನಲ್ಲಿದೆ. ನಮ್ಮ ಊರಿನ ನೆಲದಲ್ಲಿ ಇವೆರಡರ ಗಡಿ ಎಲ್ಲಿ ಎಂಬುದೇ ಜಗಳ.

ಐತಪ್ಪಣ್ಣ
ಟ್ಯಾಂಕಿನ ಬದಿಯ ಬಾವಿ ತೋಡಿದವನು ನಾನು. ಮೇಲೆ ಮೂರು ಅಡಿ ಸಡಿಲ ಮಣ್ಣು, ಆಮೇಲೆ ಕಲ್ಲು. ಹಾರೆ ಹಾಕಿದರೆ ಟಣ್ ಎನ್ನುತ್ತಿತ್ತು.

ಪ್ರಕಾಶ
ಮೂರು ಅಡಿ ಎಂದರೆ ಸುಮಾರು 90 ಸೆಂಟಿಮೀಟರ್. ಹಾಗಿದ್ದರೆ ಟ್ಯಾಂಕಿನ ಬಳಿ 30 ಸೆಂಟಿಮೀಟರ್ ಕಲ್ಲು, 100 ಮೀಟರ್ ಬರುವಾಗ 10, ಆಮೇಲೆ ಬೇಗನೇ ಮುಗಿಯುತ್ತದೆ. ಲೆಕ್ಕ ಹಾಕಿದರೆ ಕಲ್ಲು ಸುಮಾರು 32 ಘನ ಮೀಟರ್. ಎಸ್ಟಿಮೇಟಿನಲ್ಲಿ 144 ಇದೆ. ಘನ ಮೀಟರಿಗೆ 220 ರೂಪಾಯಿ ವ್ಯತ್ಯಾಸ, ಒಟ್ಟು 24,640 ರೂಪಾಯಿ.

ಭಾಸ್ಕರಣ್ಣ
ಆ ಅಂಕಿಯನ್ನು ಕಾಗದದಲ್ಲಿ ಬರೆಯಬೇಡ. ಐತಪ್ಪಣ್ಣನ ಮಾತಿನಲ್ಲಿ ನನಗೆ ಸಂದೇಹವಿಲ್ಲ, ಆದರೆ ಬಾವಿ ಒಂದೇ ಜಾಗ. ಅಲ್ಲಿಂದ ಮೂವತ್ತು ಹೆಜ್ಜೆ ಕೆಳಗೆ ಬರೆಯ ಮೇಲೆಯೇ ಕಲ್ಲು ಕಾಣುತ್ತದೆ. ಅಗೆಯುವಾಗ ಪ್ರತಿ ಹತ್ತು ಮೀಟರಿಗೆ ಗುಂಡಿಯ ಬದಿಯಲ್ಲಿ ಮಣ್ಣು ಮುಗಿದು ಕಲ್ಲು ಆರಂಭವಾಗುವ ಗೆರೆಯನ್ನು ಅಳೆದು ಫೋಟೋ ತೆಗೆಯೋಣ. ಮುರಕಲ್ಲು ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ. ವಾರ ಬಿಟ್ಟು ನೋಡಿದರೆ ಎಲ್ಲವೂ ಕಲ್ಲೆಂದೇ ತೋರುತ್ತದೆ. ಅಗೆದ ದಿನವೇ ನೋಡಬೇಕು.

ಪ್ರಕಾಶ, ಭಾನುವಾರ ರಾತ್ರಿ
ಮೆಂಬರರೊಡನೆ ಹೋಗಿ ಈ ಕಾಮಗಾರಿಯ ಓವರ್ಸಿಯರರನ್ನು ಕಂಡೆವು. ಅವರು ಸಂಜೆ ಬಂದು ಐದೂ ಜಾಗಗಳಲ್ಲಿ ಮಟ್ಟ ನೋಡಿ ನಮ್ಮ ಹಾಳೆಗೆ ಸಹಿ ಹಾಕಿದರು. ಕಣಿಯ ಅಗಲದ ಬಗ್ಗೆ ಮಾತ್ರ ಒಪ್ಪಲಿಲ್ಲ. ಬದಿ ಕುಸಿದು ಅಗಲವಾದದ್ದನ್ನು ಕಳೆಯಲಾಗದು, ಸರಾಸರಿ ಮೇಲಗಲ 50 ಎಂದು ಬರೆದರು. ಅಲ್ಲಿ 6 ಘನ ಮೀಟರ್ ಕಡಿಮೆ ಕಳೆದಂತಾಯಿತು. ಹೊರಗಿನ ಮಣ್ಣಿನ ಪ್ರಶ್ನೆಗೆ ಎಂಜಿನಿಯರರನ್ನು ಕೇಳಿ ಹೇಳುತ್ತೇನೆ ಎಂದರು. ಕಲ್ಲಿನ ವಿಷಯ ಹಾಗೆಯೇ ಉಳಿದಿದೆ.

ನಾಳೆ ಬೆಳಿಗ್ಗೆ ಏಳೂವರೆಗೆ ಜೆಸಿಬಿ ಬರುತ್ತದೆ. ಐತಪ್ಪಣ್ಣ ಹಾರೆ ತರುತ್ತಾರೆ, ಟೇಪ್ ಹಿಡಿಯಲು ವಿನೋದ್ ರಜೆ ಹಾಕಿದ್ದಾನೆ. ಮಧ್ಯಾಹ್ನದ ಮೇಲೆ ನಿಲ್ಲಲು ಇನ್ನೊಬ್ಬರು ಬೇಕು.

ಅಬ್ಬಾಸ್
ನಮಾಜು ಮುಗಿಸಿ ಎರಡು ಗಂಟೆಗೆ ನಾನು ಬರುತ್ತೇನೆ.