ಅಪ್‌ಡೇಟ್: ಸೆಮಿಸ್ಟರ್ ಪರೀಕ್ಷೆಗೆ ಒಟ್ಟಾಗಿ ರಜೆ, ಲಿಖಿತ ಒಪ್ಪಂದದ ಮೇಲೆ

ನನ್ನ ಪ್ರಶ್ನೆ: "ಬೆಂಗಳೂರಿನ ಖಾಸಗಿ ಕಚೇರಿಯಲ್ಲಿದ್ದುಕೊಂಡೇ ಎಂ.ಕಾಂ. ಓದುತ್ತಿದ್ದೇನೆ, ಪ್ರತಿ ವರ್ಷ ಪರೀಕ್ಷೆಗೆಂದು ಒಟ್ಟಿಗೆ ರಜೆ ಸಿಗುವಂತೆ ಒಪ್ಪಂದ ಮಾಡಿಕೊಳ್ಳಬಹುದೇ?"

ಒಪ್ಪಂದವಾಗಿದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಪರೀಕ್ಷೆಗೆಂದೇ ಪ್ರತ್ಯೇಕ ರಜೆಯಿಲ್ಲ. ಅದರಲ್ಲಿರುವ ರಜೆಗಳಲ್ಲಿ ಒಂದು, ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಸಿಗುವ ಗಳಿಕೆ ರಜೆ. ಆದ್ದರಿಂದ ಸಮ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ 15 ದಿನ, ಅದರಲ್ಲಿ 10 ಗಳಿಕೆ ರಜೆ, 5 ವೇತನರಹಿತ ಎಂದು ನೇಮಕಾತಿ ಪತ್ರಕ್ಕೆ ಪೂರಕ ಪತ್ರವೊಂದನ್ನು ಬರೆಸಿಕೊಂಡೆ.

ಚರ್ಚೆ ನಡೆದದ್ದು ದಿನಾಂಕದ ಬಗ್ಗೆ. ಜನವರಿಯಲ್ಲೇ ದಿನಾಂಕ ಕೊಡಬೇಕೆಂದು ಎಚ್‌ಆರ್ ವಿಭಾಗದ ಕರಡಿನಲ್ಲಿತ್ತು, ಆದರೆ ವೇಳಾಪಟ್ಟಿ ತಡವಾಗಿ ಬರುವುದೂ ಮುಂದೂಡಲ್ಪಡುವುದೂ ನಮಗೆ ಹೊಸದಲ್ಲ. ಕೊನೆಗೆ ಜನವರಿಯಲ್ಲಿ ಅಂದಾಜು ತಿಂಗಳನ್ನಷ್ಟೇ ತಿಳಿಸಿ, ವೇಳಾಪಟ್ಟಿ ಪ್ರಕಟವಾದ 3 ದಿನದೊಳಗೆ ಅದರ ಪ್ರತಿಯನ್ನು ಕೊಡುವುದೆಂದೂ, ಪರೀಕ್ಷೆ ಮುಂದಕ್ಕೆ ಹೋದರೆ ರಜೆಯೂ ಅದರೊಂದಿಗೇ ಹೋಗುವುದೆಂದೂ ತಿದ್ದಿಸಿದೆ. ಬೆಸ ಸೆಮಿಸ್ಟರ್‌ಗೆ ಸಾಂದರ್ಭಿಕ ರಜೆಯಲ್ಲೇ ನಿಭಾಯಿಸಬೇಕು.