ರಿಪೇರಿಗೆ ಕೊಟ್ಟ ಎಂಜಿನ್ "ಒತ್ತೆ" ಆಗುತ್ತದೆಯೇ?

ಕಾರವಾರದಿಂದ, ಅನುವಾದಕಿಯ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದೋಣಿಗೆ ಹಚ್ಚುವ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ಅಂಗಡಿಯೊಂದರ ಬಿಲ್ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಿಲ್ಲಿನ ಕೆಳಗೆ ಬರುವ ಸಾಲನ್ನು ನಾನು ಹೀಗೆ ಬರೆದೆ:

"ರಿಪೇರಿ ಹಣ ಸಲ್ಲುವವರೆಗೆ ಎಂಜಿನ್ ಅಂಗಡಿಯಲ್ಲಿ ಒತ್ತೆಯಾಗಿರುತ್ತದೆ. 30 ದಿನದೊಳಗೆ ಒಯ್ಯದಿದ್ದರೆ ಮಾರಿ, ಹಳೆ ಬಾಕಿ ಸಮೇತ ಹಣ ಮುರಿದುಕೊಳ್ಳಲಾಗುವುದು."

ಓದಿ ನೋಡಿದಾಗ "ಒತ್ತೆ" ಸರಿ ಅನ್ನಿಸಲಿಲ್ಲ. ಅಡವು, ಗಿರವಿ ಅನ್ನೋಣವೆಂದರೆ ಅವು ಬಂಗಾರದ ಅಂಗಡಿಯ ಮಾತು. ಇನ್ನೊಂದು ತೊಡಕಿದೆ. ಮಾಲಕ ಬೇರೆ, ಸಾಮಾನು ಇಟ್ಟುಕೊಂಡವನು ಬೇರೆ ಎಂಬ ಈ ಸಂಬಂಧಕ್ಕೇ ಒಂದು ಹೆಸರು ಬೇಕು. ನಿಘಂಟಿನಲ್ಲಿ "ನಿಕ್ಷೇಪ" ಸಿಗುತ್ತದೆ. ಆದರೆ ಬೈತಖೋಲದ ಮೀನುಗಾರರಿಗೆ ನಿಕ್ಷೇಪ ಅಂದರೆ ಪೇಪರಿನಲ್ಲಿ ಬರುವ ಅದಿರಿನ ನಿಕ್ಷೇಪ. ಏನು ಬಳಸಲಿ?

ಕುಮಟಾದಿಂದ, ನಿವೃತ್ತ ಮಾಸ್ತರರು

ತಂಗೀ, ನೀನು ಬರೆದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಣ ಬರಬೇಕು, ಬರುವ ತನಕ ವಸ್ತು ಕೊಡುವುದಿಲ್ಲ, ಇದೇ ಒತ್ತೆ. ಒತ್ತೆಯಾಳು ಅನ್ನುವುದೂ ಹೀಗೇ ಬಂದದ್ದು. ಗಿರವಿ ಮರಾಠಿಯ ಒಡನಾಟದಿಂದ ಗಟ್ಟಿಯಾದ ಮಾತು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಕಾಗದಪತ್ರದಲ್ಲಿ ಅಂಥವು ಹೆಚ್ಚು. ಒತ್ತೆ ಅಚ್ಚಗನ್ನಡ, ಅದನ್ನೇ ಉಳಿಸು. ನಿಕ್ಷೇಪದ ಬದಲಿಗೆ "ಉಪನಿಧಿ" ಹಾಕು. ಸ್ಮೃತಿಗಳಲ್ಲಿ ನಿಕ್ಷೇಪ, ನ್ಯಾಸ, ಉಪನಿಧಿ ಮೂರಕ್ಕೂ ಅರ್ಥ ಒಂದೇ.

ಕಾರವಾರದಿಂದ, ವಕೀಲರು

ಮಾಸ್ತರರೇ, ಒತ್ತೆ ಒಳ್ಳೆಯ ಪದ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಬಿಲ್ಲಿನಲ್ಲಿ ಅದು ಅಂಗಡಿಯವನಿಗೆ ಇಲ್ಲದ ಹಕ್ಕನ್ನು ಕೊಟ್ಟುಬಿಡುತ್ತದೆ. ವಸ್ತು ಯಾರ ಕೈಯಲ್ಲಿದೆ ಎಂಬುದರಿಂದ ಒತ್ತೆ ಆಗುವುದಿಲ್ಲ, ಯಾಕೆ ಕೊಟ್ಟದ್ದು ಎಂಬುದರಿಂದ ಆಗುತ್ತದೆ. ಬಂಗಾರದ ಬಳೆ ಕೊಟ್ಟು ಸಾಲ ತಂದವನು ಸಾಲಕ್ಕೆ ಭದ್ರತೆಯಾಗಲಿ ಎಂದೇ ಬಳೆ ಕೊಟ್ಟಿರುತ್ತಾನೆ. ಎಂಜಿನ್ ತಂದವನು ಅದು ಮತ್ತೆ ಓಡಲಿ ಎಂದು ಕೊಟ್ಟಿದ್ದಾನೆ, ಸಾಲಕ್ಕಲ್ಲ. 1872ರ ಕರಾರು ಕಾಯ್ದೆ ಇವೆರಡನ್ನು ಬೇರೆ ಬೇರೆ ಕಲಮುಗಳಲ್ಲಿ ಇಟ್ಟದ್ದು ಇದಕ್ಕೇ.

ನಿಮ್ಮ ಬಿಲ್ಲನ್ನೇ ಹಿಡಿಯೋಣ. ರಿಪೇರಿ 6,800 ರೂಪಾಯಿ ಆಯಿತು, ಹೋದ ವರ್ಷದ ಬೇರೆ ಕೆಲಸದ ಬಾಕಿ 4,000 ಇದೆ ಅನ್ನಿ. 170ನೇ ಕಲಮಿನ ಪ್ರಕಾರ, ಕೈಚಳಕವೋ ದುಡಿಮೆಯೋ ಹಾಕಿ ಒಪ್ಪಿದಂತೆ ಕೆಲಸ ಮುಗಿಸಿದವನು ಆ ವಸ್ತುವಿನ ಮೇಲೆ ಆದ ಕೆಲಸದ ಹಣ ಬರುವ ತನಕ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಅಂದರೆ 6,800ಕ್ಕೆ ಹಿಡಿಯಬಹುದು. 4,000ಕ್ಕೆ ಹಿಡಿಯುವಂತಿಲ್ಲ, ಅದು ಈ ಎಂಜಿನ್ನಿಗೆ ಸಂಬಂಧಿಸಿದ್ದಲ್ಲ. ಮೀನುಗಾರ 6,800 ಎಣಿಸಿ ಕೊಟ್ಟ ಮೇಲೂ "ಹಳೆಯದನ್ನೂ ಕೊಡು" ಎಂದು ಎಂಜಿನ್ ಬಿಡದಿದ್ದರೆ, ಆ ಗಳಿಗೆಯಿಂದ ತಪ್ಪು ಅಂಗಡಿಯವನದು. ಆಮೇಲೆ ಅವನ ವಶದಲ್ಲಿ ಎಂಜಿನ್ನಿಗೆ ಏನೇ ಆದರೂ, ಎಚ್ಚರದಿಂದ ನೋಡಿಕೊಂಡಿದ್ದರೂ, ನಷ್ಟ ಅವನೇ ತುಂಬಬೇಕು. 161ನೇ ಕಲಮು ಹೇಳುವುದು ಅದನ್ನೇ.

ಅಂಗಡಿಯವರು ಜಾರುವ ಇನ್ನೊಂದು ಜಾಗವಿದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಹೊತ್ತಿಗೆ ಎಂಜಿನ್ನುಗಳು ರಿಪೇರಿಗೆ ಬರುತ್ತವೆ. "ಆಗಸ್ಟಿನಲ್ಲಿ ಮೀನು ಬಿದ್ದ ಮೇಲೆ ಕೊಡು ಮಾರಾಯ" ಎಂದು ಅಂಗಡಿಯವನೇ ವಾಯಿದೆ ಕೊಟ್ಟಿದ್ದರೆ, ಜುಲೈ ಕೊನೆಗೆ ಹಣವಿಲ್ಲವೆಂದು ಎಂಜಿನ್ ಹಿಡಿಯುವ ಹಕ್ಕು ಅವನಿಗಿಲ್ಲ. ಕಾಯ್ದೆಯಲ್ಲೇ ಇದಕ್ಕೆ ದರ್ಜಿಯ ಉದಾಹರಣೆ ಇದೆ. ಕೋಟು ಹೊಲಿದ ಮೇಲೆ ಹಣಕ್ಕೆ ಮೂರು ತಿಂಗಳು ಗಡುವು ಕೊಟ್ಟ ದರ್ಜಿ ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ.

ಈಗ "ಮಾರಿ" ಎಂಬ ಮಾತಿಗೆ ಬರುತ್ತೇನೆ. ಒತ್ತೆ ಎಂದು ಬರೆದಾಗ ಹೆಚ್ಚು ಅಪಾಯ ಬರುವುದು ಇಲ್ಲಿ. ರಿಪೇರಿಯವನಿಗೆ ಕಾಯ್ದೆ ಕೊಟ್ಟದ್ದು ಹಿಡಿದಿಟ್ಟುಕೊಳ್ಳುವ ಹಕ್ಕು ಮಾತ್ರ, ಮಾರುವ ಹಕ್ಕಲ್ಲ. ಹಣ ಬರದಿದ್ದರೆ ಅವನು ದಾವೆ ಹಾಕಬೇಕು. ಗಿರವಿ ಇಟ್ಟುಕೊಂಡವನು ಮಾರಬಹುದು, ಅವನೂ ಮನಸ್ಸಿಗೆ ಬಂದಂತೆ ಅಲ್ಲ. 176ನೇ ಕಲಮಿನಂತೆ ವಾಯಿದೆ ತಪ್ಪಿದ ಮೇಲೆ, ಮಾರುತ್ತೇನೆಂದು ಸಾಕಷ್ಟು ಮುಂಚಿತವಾಗಿ ನೋಟಿಸ್ ಕೊಡಬೇಕು. ಚೀಟಿಯ ಹಿಂದೆ ಮೊದಲೇ ಅಚ್ಚಾದ ಸಾಲು ಆ ನೋಟಿಸ್ ಆಗುವುದಿಲ್ಲ. ಸಾಲ 40,000, ಬಡ್ಡಿ 3,000 ಇದ್ದು ಬಳೆ 52,000ಕ್ಕೆ ಹೋದರೆ 9,000 ಮಾಲಕನಿಗೆ ತಿರುಗಿ ಕೊಡಬೇಕು. 38,000ಕ್ಕೆ ಹೋದರೆ ಮಾಲಕನೇ ಇನ್ನೂ 5,000 ಕೊಡಬೇಕು. ವಾಯಿದೆ ಮುಗಿದಿದ್ದರೂ, ನಿಜವಾಗಿ ಮಾರಾಟ ಆಗುವ ಕ್ಷಣದವರೆಗೆ ಹಣ ಕಟ್ಟಿ ಬಿಡಿಸಿಕೊಳ್ಳಬಹುದು. "ವಾಯಿದೆ ಮುಗಿಯಿತು, ಬಳೆ ನನ್ನದಾಯಿತು" ಎನ್ನುವುದು ಗಿರವಿ ಅಂಗಡಿಯಲ್ಲೂ ಸಲ್ಲದ ಮಾತು.

ಶಿರಸಿಯಿಂದ, ಅಡಿಕೆ ಬೆಳೆಗಾರರು

ವಕೀಲರೇ, ಹಾಗಾದರೆ ನಮ್ಮದಕ್ಕೆ ಏನು ಹೆಸರು? ದಲಾಲಿ ಅಂಗಡಿಯಲ್ಲಿ 12 ಚೀಲ ಚಾಲಿ ಅಡಿಕೆ ಇಟ್ಟಿದ್ದೇವೆ, ಮುಂಗಡ ಹಣವನ್ನೂ ತಂದಿದ್ದೇವೆ. ಅಂಗಡಿಯವರು ಗೊಬ್ಬರದ ಹಳೆ ಲೆಕ್ಕವನ್ನೂ ಸೇರಿಸಿ ಮುರಿಯುತ್ತಾರೆ. ಎಂಜಿನ್ನಿನವನು ಹಳೆ ಬಾಕಿಗೆ ಹಿಡಿಯಬಾರದು ಅಂದ ಮೇಲೆ ಇವರೂ ಹಿಡಿಯಬಾರದಲ್ಲವೇ?

ಕಾರವಾರದಿಂದ, ವಕೀಲರು

ಇಲ್ಲಿ ಉತ್ತರ ಬೇರೆ. 171ನೇ ಕಲಮಿನಲ್ಲಿ ಕೆಲವರಿಗೆ ಮಾತ್ರ ಒಟ್ಟು ಲೆಕ್ಕದ ಬಾಕಿಗೂ ಸರಕು ಹಿಡಿಯುವ ಹಕ್ಕಿದೆ. ಬ್ಯಾಂಕಿನವರು ಅವರಲ್ಲಿ ಸೇರುತ್ತಾರೆ, ಮಾರಿಕೊಡಲಿಕ್ಕೆಂದು ಸರಕನ್ನು ತನ್ನ ವಶದಲ್ಲಿಟ್ಟುಕೊಳ್ಳುವ ವ್ಯಾಪಾರಿ ಏಜೆಂಟನೂ ಸೇರುತ್ತಾನೆ. ನಿಮ್ಮ ದಲಾಲರು ಅಂಥವರಾಗಿದ್ದರೆ ಹಳೆ ಲೆಕ್ಕಕ್ಕೂ ಹಿಡಿಯಬಹುದು. ಮೆಕ್ಯಾನಿಕ್, ದರ್ಜಿ, ವಾಚು ರಿಪೇರಿಯವರು ಆ ಪಟ್ಟಿಯಲ್ಲಿಲ್ಲ. ಅವರಿಗೆ ಅಂಥ ಹಕ್ಕು ಬೇಕಾದರೆ ಮಾಲಕನ ಜೊತೆ ಸ್ಪಷ್ಟ ಕರಾರು ಇರಬೇಕು.

ನೀವು ನೋಡಿಕೊಳ್ಳಬೇಕಾದದ್ದು ಇನ್ನೊಂದು. ನಿಮ್ಮ 12 ಚೀಲ ನಿಮ್ಮ ಗುರುತಿನಲ್ಲೇ ಉಳಿದಿವೆಯೋ, ರಾಶಿಗೆ ಸುರಿದು "ದರ ಬಂದಾಗ ಲೆಕ್ಕ ಮಾಡೋಣ" ಅಂದಿದ್ದಾರೋ? ಅದೇ ಅಡಿಕೆ ತಿರುಗಿ ಬರಬೇಕು, ಇಲ್ಲವೇ ನೀವು ಹೇಳಿದಂತೆ ಅದೇ ಅಡಿಕೆ ಮಾರಾಟವಾಗಬೇಕು ಎಂದಿದ್ದರೆ ಮಾತ್ರ ಅದು ನಿಮ್ಮ ಸರಕು ಅವರ ವಶದಲ್ಲಿರುವುದು. ಅಡಿಕೆ ಅವರದಾಗಿ ನಿಮಗೆ ಹಣ ಮಾತ್ರ ಬರಬೇಕಾಗಿದ್ದರೆ ನೀವು ಬರೀ ಸಾಲಗಾರರು, ಅಂದರೆ ಸಾಲ ಕೊಟ್ಟವರು. ಅಂಗಡಿ ಮುಳುಗಿದ ದಿನ ಈ ವ್ಯತ್ಯಾಸ ಗೊತ್ತಾಗುತ್ತದೆ. ಚೀಟಿಯಲ್ಲಿ ಚೀಲದ ಸಂಖ್ಯೆ, ತೂಕ, ಗುರುತು ಬರೆಸಿಕೊಳ್ಳಿ.

ಗೋಕರ್ಣದಿಂದ, ಸಂಸ್ಕೃತ ಓದಿದವರು

ಮಾಸ್ತರರ ಉಪನಿಧಿಯ ಬಗ್ಗೆ ಒಂದು ತಿದ್ದುಪಡಿ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿ ಅಂದರೆ ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಕೊಟ್ಟದ್ದು. ಅದನ್ನು ಇದ್ದ ಹಾಗೆಯೇ ತಿರುಗಿ ಕೊಡಬೇಕು. ಎಣಿಸಿ ತೋರಿಸಿ ಕೊಟ್ಟದ್ದು ನಿಕ್ಷೇಪ. ಬಿಚ್ಚಿ ರಿಪೇರಿ ಮಾಡುವ ಎಂಜಿನ್ನಿಗೆ ಉಪನಿಧಿ ಅನ್ನುವುದು ಅರ್ಥಕ್ಕೇ ವಿರುದ್ಧ.

ಒತ್ತೆಗೆ ಅಲ್ಲಿಯ ಹೆಸರು "ಆಧಿ". ಅದರಲ್ಲಿ ಬಳಸಬಹುದಾದ್ದು ಭೋಗ್ಯಾಧಿ. ಜಮೀನಿನ ಭೋಗ್ಯ ಎಂಬ ನಮ್ಮ ಮಾತಿನ ಬೇರು ಅಲ್ಲಿದೆ. ಬರೀ ಕಾಯ್ದುಕೊಂಡಿರಬೇಕಾದ್ದು ಗೋಪ್ಯಾಧಿ, ಅದನ್ನು ಬಳಸಿದ ಸಾಲಿಗನಿಗೆ ಬಡ್ಡಿಯಿಲ್ಲ. ಆದರೆ ಸಾಲ ಇಮ್ಮಡಿಯಾಗುವವರೆಗೂ ಬಿಡಿಸಿಕೊಳ್ಳದಿದ್ದರೆ ಆಧಿ ಕೈತಪ್ಪುತ್ತದೆ ಎಂಬ ಮಾತೂ ಅಲ್ಲಿದೆ. ವಕೀಲರು ಈಗಷ್ಟೇ ಸಲ್ಲದೆಂದ "ಬಳೆ ನನ್ನದಾಯಿತು" ಎಂಬ ನಂಬಿಕೆ ಜನರಲ್ಲಿ ಉಳಿದದ್ದಕ್ಕೆ ಇಷ್ಟು ಹಳೆಯ ಬೆನ್ನೆಲುಬಿದೆ.

ಕಾರವಾರದಿಂದ, ವಕೀಲರು

ಬಳಸುವ ವಿಚಾರ ಬಂದದ್ದು ಒಳ್ಳೆಯದಾಯಿತು. ರಿಪೇರಿಯಾದ ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿಟ್ಟು ಓಡಿಸಿ ನೋಡುವುದು ಕೆಲಸದ ಭಾಗ. ಅದನ್ನೇ ಪರಿಚಯದವನ ದೋಣಿಗೆ ಹಚ್ಚಿ ಒಂದು ದಿನದ ಮಟ್ಟಿಗೆ ಕಡಲಿಗೆ ಕಳಿಸಿದರೆ 154ನೇ ಕಲಮು ಬರುತ್ತದೆ. ಬಂಡೆಗೆ ತಾಗಿದ್ದು ಯಾರ ತಪ್ಪೂ ಅಲ್ಲದಿದ್ದರೂ ನಷ್ಟ ಅಂಗಡಿಯವನದೇ.

ಬಳಸದೆ ಬರೀ ಇಟ್ಟುಕೊಂಡಾಗಿನ ಅಳತೆ ಬೇರೆ. ಅಷ್ಟೇ ಬೆಲೆಯ ತನ್ನ ಸ್ವಂತ ಎಂಜಿನ್ನನ್ನು ಒಬ್ಬ ಸಾಮಾನ್ಯ ವಿವೇಕಿ ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಜೋಪಾನ ಬೇಕು. ಮಳೆಗಾಲದಲ್ಲಿ ಅಂಗಡಿಯ ಎಂಜಿನ್ನುಗಳೆಲ್ಲ ಒಳಗೆ, ಗಿರಾಕಿಯದು ತಾಡಪಾಲಿನಡಿ ಉಪ್ಪುಗಾಳಿಗೆ ಬಿದ್ದು ತುಕ್ಕು ಹಿಡಿದಿದ್ದರೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಬೀಗ ಹಾಕಿದ ಶೆಡ್ಡು ಒಡೆದು ಕಳ್ಳತನವಾದರೆ ಅವನು ಪಾರಾಗಬಹುದು, ಆದರೆ ಜೋಪಾನ ಮಾಡಿದ್ದೆ ಎಂದು ತೋರಿಸಬೇಕಾದವನು ಅವನೇ.

ಸಾಮಾನು ನಿಜವಾಗಿ ಅವನ ವಶಕ್ಕೆ ಬಂದಿರಬೇಕು ಎಂಬುದೂ ಮುಖ್ಯ. ಮದ್ರಾಸ್ ಹೈಕೋರ್ಟಿನ ಹಳೆಯ ತೀರ್ಪೊಂದಿದೆ. ಒಬ್ಬ ಹೆಂಗಸು ಆಭರಣ ಮಾಡಲು ಅಕ್ಕಸಾಲಿಗೆ ಚಿನ್ನ ಕೊಟ್ಟು, ದಿನವೂ ಸಂಜೆ ಅರ್ಧ ಆದದ್ದನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ತಾನೇ ಒಯ್ಯುತ್ತಿದ್ದಳು. ಪೆಟ್ಟಿಗೆ ಇರುತ್ತಿದ್ದದ್ದು ಅಕ್ಕಸಾಲಿಯ ಕೋಣೆಯಲ್ಲೇ. ರಾತ್ರಿ ಕಳುವಾಯಿತು. ಸಂಜೆ ಆಕೆ ತಿರುಗಿ ಪಡೆದಾಗಲೇ ಅವನ ವಶ ಮುಗಿದಿತ್ತು, ಆದ್ದರಿಂದ ಅವನು ಹೊಣೆಯಲ್ಲ ಎಂದಿತು ಕೋರ್ಟು.

ಕಾರವಾರದಿಂದ, ಅನುವಾದಕಿ

ಎಲ್ಲರಿಗೂ ಉಪಕಾರವಾಯಿತು. ವಕೀಲರು ಬಳಸಿದ "ವಶ"ವನ್ನೇ ತೆಗೆದುಕೊಳ್ಳುತ್ತೇನೆ, ಅದು ಎಲ್ಲರಿಗೂ ತಿಳಿಯುತ್ತದೆ. ಹೀಗೆ ಬರೆದಿದ್ದೇನೆ:

"ಈ ಎಂಜಿನ್ ರಿಪೇರಿಗಾಗಿ ನಮ್ಮ ವಶಕ್ಕೆ ಬಂದಿದೆ. ಈ ಬಿಲ್ಲಿನ ಹಣ ಸಲ್ಲುವವರೆಗೆ ತಡೆಹಿಡಿಯುವ ಹಕ್ಕು ನಮಗಿದೆ."

ಮಾರುವ ಮಾತು, ಹಳೆ ಬಾಕಿಯ ಮಾತು ಎರಡನ್ನೂ ತೆಗೆಯಲು ಅಂಗಡಿಯವರಿಗೆ ಹೇಳುತ್ತೇನೆ. ಎಂಜಿನ್ ಇಳಿಸುವಾಗಲೇ ಗಿರಾಕಿಯ ಸಹಿ ಪಡೆದು ಈ ಷರತ್ತುಗಳನ್ನು ಹಾಕಿದರೆ ನಡೆಯುತ್ತದೆಯೇ ಎಂದು ಅವರು ಕೇಳುತ್ತಾರೆ.

ಕಾರವಾರದಿಂದ, ವಕೀಲರು

ಹಳೆ ಬಾಕಿಯದು ನಡೆಯುತ್ತದೆ, ಕೆಲಸ ಮುಗಿದ ಮೇಲೆ ಕೊಡುವ ಬಿಲ್ಲಿನಲ್ಲಲ್ಲ, ಮೊದಲು ಕೊಡುವ ಚೀಟಿಯಲ್ಲಿ, ಗಿರಾಕಿಗೆ ಓದಿ ಹೇಳಿ. ಮಾರುವ ಷರತ್ತಿನ ಬಗ್ಗೆ ಎರಡೂ ಕಡೆ ವಾದ ಮಾಡಬಹುದು. ನಾನಾದರೆ ಅಂಗಡಿಯವನಿಗೆ ಅದನ್ನು ನೆಚ್ಚಿಕೊಳ್ಳಲು ಹೇಳುವುದಿಲ್ಲ.

ಕುಮಟಾದಿಂದ, ಮಾಸ್ತರರು

ಒತ್ತೆ ಬಿಟ್ಟುಕೊಟ್ಟೆ, ಉಪನಿಧಿಯನ್ನೂ ಬಿಟ್ಟೆ. ಆದರೆ "ತಡೆಹಿಡಿ" ಪೊಲೀಸರ ಮಾತಿನಂತೆ ಕೇಳುತ್ತದೆ, ಲಾರಿ ತಡೆಹಿಡಿದರು ಅನ್ನುವ ಹಾಗೆ. ವಕೀಲರೇ ಮೊದಲಿಂದ ಅನ್ನುತ್ತಿರುವ "ಹಿಡಿದಿಟ್ಟುಕೊಳ್ಳು" ನಮ್ಮ ಕಡೆಯ ಬಾಯಿಗೆ ಹತ್ತಿರ. ಉದ್ದವಾಯಿತು ನಿಜ. ಬಿಲ್ಲಿನಲ್ಲಿ ಜಾಗ ಎಷ್ಟಿದೆ, ತಂಗೀ?